ಮಾತಿಗೆ ಬಾರದ್ದು ಹಾಡಿಗೆ ಬರುತ್ತಾ?

ಮೌನಿಬಾಬಾ (ಪ್ರಶ್ನೆ)

ಹೆಂಡತಿ "ಏನಾಯ್ತು ಹೇಳಿ" ಅಂತ ಕೇಳಿದರೆ ನನ್ನ ಬಾಯಿಂದ ಬರುವುದು "ಏನಿಲ್ಲ" ಅಷ್ಟೇ. ಸುಳ್ಳು ಹೇಳುತ್ತಿಲ್ಲ, ಏನು ಅಂತ ನಿಜಕ್ಕೂ ನನಗೇ ಗೊತ್ತಾಗುವುದಿಲ್ಲ. ಎದೆ ಬಿಗಿದಂತೆ ಇರುತ್ತದೆ. ಡೈರಿ ಬರಿ ಅಂದರು. "ಇವತ್ತು ಬೇಜಾರು" ಅಂತ ಬರೆದೆ, ಮುಂದಕ್ಕೆ ಪೆನ್ನು ಓಡಲಿಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಕೀಬೋರ್ಡ್ ಕಲಿತಿದ್ದೆ. ಹಾಡು ಕಟ್ಟಿಯೋ ಚಿತ್ರ ಬರೆದೋ ಯಾರಿಗಾದರೂ ಒಳಗಿರುವುದು ಹೊರಗೆ ಬಂದಿದೆಯಾ? ಹೇಗೆ ಶುರು ಮಾಡಿದಿರಿ?

ತಂತಿಬೇತಾಳ

ಹೊಸದಾಗಿ ಶುರು ಮಾಡೋದಾದರೆ 61 ಕೀ ಇರುವ ಕೀಬೋರ್ಡ್ ಸಾಕು ಸರ್. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು, ಅದನ್ನು ಮಾತ್ರ ನೋಡಿಕೊಳ್ಳಿ. ದಿನಾ ಅರ್ಧ ಗಂಟೆ ಬೆರಳು ಸಾಧನೆ ಮಾಡಿದರೆ ಆರು ತಿಂಗಳಲ್ಲಿ ಹಾಡು ನುಡಿಸಬಹುದು.

ಮೂರನೇ ಚರಣ

ಬೇತಾಳ ಅವರೇ, ಅವರು ಕೇಳಿದ್ದು ಅದಲ್ಲ ಅನಿಸುತ್ತೆ. ಆದರೂ ಮೆಲ್ಲಗೆ-ಜೋರಾಗಿ ವಿಷಯ ಸರಿಯಾಗಿ ಹೇಳಿದಿರಿ. ಬೆರಳು ಎಲ್ಲಿ ಜೋರಾಗಿ ಬಿತ್ತು ಅನ್ನುವುದೇ ಎಷ್ಟೋ ಸಲ ಮೊದಲ ಸುಳಿವು.

ನನ್ನದು ಹೇಳುತ್ತೇನೆ, ಸ್ವಲ್ಪ ಉದ್ದ. ಅಪ್ಪ ತೀರಿಕೊಂಡಾಗ ನಾನು ಅಳಲಿಲ್ಲ. ಐದು ತಿಂಗಳು ಎಲ್ಲಾ ಕೆಲಸ ಮಾಡಿಕೊಂಡು ಓಡಾಡಿದೆ. ಎಲ್ಲರೂ "ಗಟ್ಟಿ ಮನುಷ್ಯ" ಅಂದರು. ಆಮೇಲೆ ಸಣ್ಣ ಸಣ್ಣದಕ್ಕೆ ರೇಗಾಟ ಶುರುವಾಯಿತು. ಬರೆಯೋಣ ಅಂತ ಕೂತರೆ ನಿಮ್ಮ ಹಾಗೇ ಒಂದೇ ಸಾಲು.

ಹಾಗಾಗಿ ಪೆನ್ನು ಬಿಟ್ಟೆ. ಫೋನಿನ ರೆಕಾರ್ಡರ್ ಆನ್ ಮಾಡಿ, 20 ನಿಮಿಷಕ್ಕೆ ಅಲಾರಂ ಇಟ್ಟು, "ನ ನಾ ನಾ" ಅಂತ ಸುಮ್ನೆ ಗುನುಗಿದೆ. ಪದ ಇಲ್ಲ, ವಾದ್ಯ ಇಲ್ಲ. ಮೊದಲ ಹತ್ತು ನಿಮಿಷ ಯಾವುದೋ ಕೇಳಿದ ಹಾಡುಗಳೇ ಬಂದವು. ಅದು ಎಲ್ಲರಿಗೂ ಆಗುತ್ತೆ, ಬರಲಿ ಬಿಡಿ. ಅವು ಮುಗಿದ ಮೇಲೆ ನಿಮ್ಮದು ಬರುತ್ತದೆ. ಮಾರನೆಯ ದಿನ ಕೇಳಿದಾಗ ಒಂದು ಕಡೆ ದನಿ ಕೆಳಗಿಳಿದು, ಎರಡು ಸಲ ಗಕ್ಕನೆ ನಿಂತಿತ್ತು. ಟಕ್, ಟಕ್. ಅದೇ ಜಾಗ ನಾಲ್ಕು ಸಲ ಮರಳಿ ಬಂದಿತ್ತು. ಆ ತುಣುಕನ್ನು ಮಾತ್ರ ಇಟ್ಟುಕೊಂಡೆ.

ಆಮೇಲೆ ಪದ. ಮೊದಲು ಬರೆದ ಸಾಲು "ನೀನಿಲ್ಲದ ಬದುಕು ಬರಿದು". ಹಾಡಿ ನೋಡಿದೆ. ಗಂಟಲಿಗೆ ಏನೂ ಆಗಲಿಲ್ಲ. ಯಾರು ಯಾರ ಮೇಲೆ ಬೇಕಾದರೂ ಹಾಡಬಹುದಾದ ಸಾಲು ಅದು. ಹೊಡೆದು ಹಾಕಿದೆ. ಪ್ರಾಸದ ಹಿಂದೆ ಹೋದಾಗ ಇನ್ನೂ ಕೆಟ್ಟದಾಯಿತು. "ನೋವು" ಅಂತ ಬರೆದ ತಕ್ಷಣ ಕೈ ತಾನಾಗಿ "ಸಾವು" ಅಂತ ಬರೆಯಿತು. ನನಗೆ ಹಾಗೆ ಅನಿಸಿಯೇ ಇರಲಿಲ್ಲ, ಪ್ರಾಸಕ್ಕೆ ಅನಿಸಿತ್ತು ಅಷ್ಟೇ. ಆಗ ಒಂದು ನಿಯಮ ಮಾಡಿಕೊಂಡೆ: ನೋವು, ದುಃಖ, ಒಂಟಿತನ, ಪ್ರೀತಿ ಈ ಪದಗಳು ಮೊದಲ ಸಲ ಬರೆಯುವಾಗ ಬೇಡ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಒಂದು ವಸ್ತು ಮಾತ್ರ.

ಅಪ್ಪ ರಾತ್ರಿ ಮಲಗುವ ಮುಂಚೆ ಬಾಗಿಲ ಚಿಲಕ ಎರಡು ಸಲ ಎಳೆದು ನೋಡುತ್ತಿದ್ದರು. ಟಕ್, ಟಕ್. ನಾನು ಅವತ್ತು ಗುನುಗಿದ್ದು ಅದೇ. ಪಲ್ಲವಿ ಹೀಗೆ ಬಂತು:

ಚಿಲಕ ಹಾಕಿದ್ಯಾ, ಇನ್ನೊಮ್ಮೆ ನೋಡು
ಹೊರಗೆ ಯಾರೂ ಇಲ್ಲ, ಆದ್ರೂ ನೋಡು

ಇದನ್ನು ಹಾಡುವಾಗ ಗಂಟಲು ಕಟ್ಟಿತು. ಎರಡು ಚರಣ ಸಲೀಸಾಗಿ ಬಂದವು. ಮೂರನೆಯದರಲ್ಲಿ ಏನು ಬಂತು ಗೊತ್ತಾ? ಸಿಟ್ಟು. "ನಾ ಮಾಡಿದ್ದು ಒಂದೂ ಸರಿ ಅನ್ನಲಿಲ್ಲ" ಅಂತ. ಅಪ್ಪನ ಮೇಲೆ ಸಿಟ್ಟಿದೆ ಅಂತ ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ಹೋದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅಂತ ಬಾಯಿ ಹೊಲಿದುಕೊಂಡಿದ್ದೆ ಅನಿಸುತ್ತೆ. ಮೂರನೇ ಚರಣ ಬಂದ ಮೇಲೆಯೇ ಅತ್ತದ್ದು.

ಎರಡು ವಾರ ಬಿಟ್ಟು ರೆಕಾರ್ಡಿಂಗ್ ಅಮ್ಮನಿಗೆ ಕೇಳಿಸಿದೆ. ಮೂರನೇ ಚರಣ ಬರುವಾಗ ಎದ್ದು ಓಡಿ ಹೋಗೋಣ ಅನಿಸಿತು. ಅಮ್ಮ ಪೂರ್ತಿ ಕೇಳಿ ಹೇಳಿದ್ದು ಇಷ್ಟೇ: "ಎರಡು ಸಲ ಅಲ್ವೋ, ಮೂರು ಸಲ. ಮೂರನೆಯದು ನೀನು ಮಲಗಿದ ಮೇಲೆ." ಆಮೇಲೆ ಒಂದು ಗಂಟೆ ಮಾತಾಡಿದೆವು. ಸಿಟ್ಟಿನ ಬಗ್ಗೆ ಅಲ್ಲ, ಚಿಲಕದ ಬಗ್ಗೆ.

ಗುಡುಗು

ಇಷ್ಟೆಲ್ಲಾ ತಲೆ ಯಾಕೆ ಕೆಡಿಸಿಕೊಳ್ತೀರಾ ಗುರು. ಒಳಗಿರುವುದನ್ನು ಜೋರಾಗಿ ಕಕ್ಕಿಬಿಡಿ. ನಾನು ಡ್ರಮ್ ಬಾರಿಸುತ್ತೇನೆ. ಯಾರ ಮೇಲೆ ಸಿಟ್ಟಿದೆಯೋ ಅವರ ಮುಖ ನೆನಪಿಸಿಕೊಂಡು ಬಾರಿಸುವುದು. ಬೆವರು ಇಳಿದರೆ ಸಿಟ್ಟೂ ಇಳಿಯುತ್ತೆ. ಪ್ರೆಷರ್ ಕುಕ್ಕರ್ ಇದ್ದ ಹಾಗೆ, ಸೀಟಿ ಹೊಡೆಯದಿದ್ದರೆ ಸಿಡಿಯುತ್ತೆ.

ಕಿವಿಗೊಟ್ಟವಳು

ನಾನು ಆಪ್ತ ಸಮಾಲೋಚಕಿ. ಗುಡುಗು ಅವರೇ, ಡ್ರಮ್ ಬಾರಿಸುವುದು ಒಳ್ಳೆಯದೇ, ಮೈಗೆ ಕೆಲಸ ಸಿಗುತ್ತದೆ. ಮುಖ ನೆನಪಿಸಿಕೊಳ್ಳುವುದು ಮಾತ್ರ ಬೇಡ. ಬುಷ್‌ಮನ್ ಅನ್ನುವ ಸಂಶೋಧಕರು 2002ರಲ್ಲಿ ಇದನ್ನೇ ಪರೀಕ್ಷಿಸಿದರು. ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತಿದ್ದವರಿಗಿಂತ ಜಾಸ್ತಿಯೇ ಉಳಿಯಿತು. ಮನಸ್ಸು ಕುಕ್ಕರ್ ಅಲ್ಲ. ಬಾರಿಸುವಾಗ ತಾಳದ ಲೆಕ್ಕದ ಮೇಲೆ, ಕೈ ಮೇಲೆ ಗಮನವಿದ್ದರೆ ಸರಿ.

ಬರವಣಿಗೆಯ ಕಡೆ ಹೆಚ್ಚು ತಿಳಿದಿರುವುದು ಮನಶ್ಶಾಸ್ತ್ರಜ್ಞ ಪೆನ್‌ಬೇಕರ್ ಅವರ ಕೆಲಸದಿಂದ. 1986ರಲ್ಲಿ ಬಂದ ಅವರ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ ಒಂದೇ ಸಮ, ದಿನಕ್ಕೆ 15 ನಿಮಿಷ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನೂ ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದು ಮತ್ತು ಅನಿಸಿದ್ದು ಎರಡನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆಮೇಲೆ ಬೇಕಾದಷ್ಟು ಪ್ರಯೋಗಗಳಾದವು. ಎಲ್ಲ ಸೇರಿಸಿ ನೋಡಿದರೆ ಲಾಭ ಇದೆ, ಆದರೆ ಸರಾಸರಿ ಸಣ್ಣದು. ಅದಕ್ಕೇ ಮೊದಲ ದಿನವೇ ಬೇಜಾರು ಜಾಸ್ತಿಯಾಯಿತು ಅಂತ ಬಿಡಬೇಡಿ, ವಾರ ಕಳೆದರೂ ಹಾಗೇ ಇದ್ದರೆ ಹಟ ಹಿಡಿಯಲೂ ಬೇಡಿ.

ನಾನು ಗಮನಿಸುವುದು ಒಂದನ್ನು. ನಾಲ್ಕನೇ ದಿನದ ಹಾಳೆಯಲ್ಲಿ ಮೊದಲ ದಿನದ್ದಕ್ಕಿಂತ ಏನಾದರೂ ಬೇರೆ ಇದೆಯಾ? ಮೂರನೇ ಚರಣದವರಿಗೆ ಸಿಟ್ಟು ಬಂತಲ್ಲ, ಅಂಥದ್ದು. ಹೊಸ ಮಾತು, ಹೊಸ ನೆನಪು, ಕಡೇ ಪಕ್ಷ ಒಂದು "ಆದರೆ". ಅದೇ ಮೂರು ಸಾಲು ಸುತ್ತಿ ಸುತ್ತಿ ಬರುತ್ತಿದ್ದರೆ ಅದು ಹೊರಗೆ ಬರುವುದಲ್ಲ, ಗಾಯ ಕೆರೆದುಕೊಳ್ಳುವುದು. ಒಂದೇ ದುಃಖದ ಹಾಡನ್ನು ರಾತ್ರಿಯೆಲ್ಲಾ ಹಾಕಿಕೊಂಡು ಮಲಗುವುದೂ ಹಲವರಿಗೆ ಇದೇ ಆಗುತ್ತದೆ. ಆಗ ನಿಲ್ಲಿಸಿ, ಎದ್ದು ನಡೆದಾಡಿ. ಬರೆದದ್ದರಲ್ಲಿ ಬದುಕುವುದೇ ಬೇಡ ಅನ್ನುವ ಮಾತು ಬರತೊಡಗಿದರೆ ಹಾಳೆಯನ್ನು ನೆಚ್ಚಿಕೊಂಡು ಕೂರಬೇಡಿ, ಅವತ್ತೇ ಒಬ್ಬ ಮನುಷ್ಯರಿಗೆ ಹೇಳಿ, ವೈದ್ಯರನ್ನು ಕಾಣಿ.

ನೀಲಿಗೀರು

ನನಗೆ ಹಾಡು ಬರಲ್ಲ, ಕಾಗೆ ದನಿ. ನನ್ನದು ಬಾಲ್‌ಪೆನ್ನು ಮತ್ತು ಒಂದು ಕಡೆ ಪ್ರಿಂಟ್ ಆದ ಹಾಳೆಯ ಹಿಂಬದಿ. ಒಳ್ಳೇ ಡ್ರಾಯಿಂಗ್ ಪುಸ್ತಕ ತಂದಿದ್ದೆ ಒಮ್ಮೆ. ಅದರಲ್ಲಿ ಚೆನ್ನಾಗಿ ಬರೆಯಬೇಕು ಅನಿಸಿ ಬರೀ ಹೂವು ಬಂತು! ರದ್ದಿ ಹಾಳೆಯಲ್ಲಿ ಆ ಕಾಟ ಇಲ್ಲ.

ನಾನು ಕಣ್ಣು ಮುಚ್ಚಿ ಗೀಚುತ್ತೇನೆ, ಕೈ ಹೋದ ಕಡೆ. ಹಾಳೆ ಹರಿದರೂ ಸರಿ. ಐದು ನಿಮಿಷ ಆದ ಮೇಲೆ ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿ ಅದಕ್ಕೊಂದು ಹೆಸರಿಡುತ್ತೇನೆ. ಇಷ್ಟೇ ನನ್ನ ವಿದ್ಯೆ. ಕೆಲಸದಲ್ಲಿ ನನ್ನ ಜಾಗ ಬದಲಾಯಿಸಿದರು ಒಂದು ಸಲ. ನನಗೇನೂ ಬೇಜಾರಿಲ್ಲ ಅಂತಲೇ ಎಲ್ಲರಿಗೂ ಹೇಳಿದ್ದೆ. ಅವತ್ತು ಬಂದದ್ದು ನೀಲಿ ಗಂಟು, ದಾರ ಸಿಕ್ಕುಬಿದ್ದ ಹಾಗೆ. ಹೆಸರು ಬರೆಯಲು ಹೋದರೆ ಕೈ ಬರೆದದ್ದು "ನನ್ನನ್ನು ಕೇಳಲೇ ಇಲ್ಲ". ಓ, ಇದಾ ವಿಷಯ ಅಂತ ಆಯ್ತು. ಜಾಗ ಅಲ್ಲ, ಕೇಳದೇ ಇದ್ದದ್ದು. ಮಾರನೆಯ ದಿನ ಅದೇ ಮೂರು ಪದ ಹೋಗಿ ಹೇಳಿ ಬಂದೆ. ಜಾಗ ವಾಪಸ್ ಸಿಗಲಿಲ್ಲ ಅನ್ನಿ.

ಒಂದು ವಿಷಯದಲ್ಲಿ ಮೂರನೇ ಚರಣದವರ ಮಾತು ಒಪ್ಪಲ್ಲ. ಯಾರಿಗೂ ತೋರಿಸಬೇಡಿ. ನಾನು ಒಬ್ಬರಿಗೆ ತೋರಿಸಿದೆ, "ಕೈ ಚೆನ್ನಾಗಿದೆ, ಶೇಡಿಂಗ್ ಕಲಿ" ಅಂದರು. ಮುಂದಿನ ಎರಡು ತಿಂಗಳು ಗೀಚುವಾಗೆಲ್ಲಾ ಅವರ ಮಾತೇ ಕಿವಿಯಲ್ಲಿ.

ಮೂರನೇ ಚರಣ

ನೀಲಿಗೀರು ಮೇಡಂ, ಅದೂ ನಿಜ. ನಾನು ಇನ್ನೊಂದು ಹಾಡನ್ನು ಗೆಳೆಯರ ಗುಂಪಿಗೆ ಕಳಿಸಿ ಕೆಟ್ಟೆ. "ಸೂಪರ್" ಅಂತ ಹನ್ನೊಂದು ಜನ. ಒಬ್ಬರೂ ಏನಾಯ್ತು ಅಂತ ಕೇಳಲಿಲ್ಲ. ಆದರೆ ಅಮ್ಮನಿಗೆ ಕೇಳಿಸದೇ ಇದ್ದಿದ್ದರೆ ಆ ಮೂರನೇ ಸಲದ ಚಿಲಕ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಕಿವಿಗೊಟ್ಟವಳು

ತೋರಿಸುವ ಮುಂಚೆ "ಇದು ಚೆನ್ನಾಗಿದೆಯಾ ಅಂತ ಹೇಳಬೇಡಿ, ಕೇಳಿ ಅಷ್ಟೇ" ಅಂತ ಒಂದು ಮಾತು ಹೇಳಿ ನೋಡಿ. ಎಲ್ಲರೂ ಪಾಲಿಸುತ್ತಾರೆ ಅಂತ ನಾನೂ ಭರವಸೆ ಕೊಡಲಾರೆ.

ಮೌನಿಬಾಬಾ

ಹತ್ತು ದಿನ ಆಯ್ತು, ಹೇಗಾಯ್ತು ಅಂತ ಹೇಳುತ್ತೇನೆ. ಹಳೇ ಕೀಬೋರ್ಡ್ ಅಟ್ಟದಿಂದ ಇಳಿಸಿದೆ. ಎರಡು ಕೀ ಕೆಲಸ ಮಾಡಲ್ಲ. ಮೊದಲೆರಡು ದಿನ ಸ್ಕೂಲಿನಲ್ಲಿ ಕಲಿತದ್ದೇ ಬಂತು. ಮೂರನೇ ದಿನ ಕೆಳಗಿನ ಒಂದೇ ಸ್ವರವನ್ನು ಒತ್ತುತ್ತಾ ಕೂತಿದ್ದೆ, ಸುಮಾರು ಹೊತ್ತು. ಪದ ಇನ್ನೂ ಬಂದಿಲ್ಲ. ನೀಲಿಗೀರು ಅವರು ಹೇಳಿದ ಹಾಗೆ ರೆಕಾರ್ಡಿಂಗಿಗೆ ಒಂದು ಹೆಸರಿಟ್ಟೆ: "ಸಾಕಾಯ್ತು". ಏನು ಸಾಕಾಯ್ತು ಅಂತ ಗೊತ್ತಿಲ್ಲ. ಬದುಕು ಸಾಕು ಅಂತಲ್ಲ, ಗಾಬರಿಯಾಗಬೇಡಿ.

ಹೆಂಡತಿ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಾಳೆ. "ಅದೇನು ಒಂದೇ ಸ್ವರ?" ಅಂದಳು. "ಏನಿಲ್ಲ" ಅನ್ನೋಕೆ ಬಾಯಿ ತೆರೆದೆ. "ಗೊತ್ತಿಲ್ಲ, ಇನ್ನೂ ನುಡಿಸಬೇಕು" ಅಂದೆ. ಪಕ್ಕದಲ್ಲಿ ಬಂದು ಕೂತಳು.

ತಂತಿಬೇತಾಳ

ಕೆಲಸ ಮಾಡದ ಎರಡು ಕೀ ಬಿಚ್ಚಿ ಒಳಗಿನ ರಬ್ಬರ್ ಒರೆಸಿ ಸರ್, ಸಾಮಾನ್ಯವಾಗಿ ಧೂಳು ಕೂತಿರುತ್ತೆ.