ಬ್ಲೌಸ್ ಪೇಪರ್ ಕಟಿಂಗ್ ಉದ್ದ ಮಾಡುವುದು: ಪ್ರಶ್ನೋತ್ತರ

ರೇಖಾ: ಸುಮಕ್ಕಾ, 34 ಎದೆಯ ಪೇಪರ್ ಪ್ಯಾಟರ್ನ್‌ನಲ್ಲಿ ಬ್ಲೌಸ್ ಉದ್ದ 13½ ಇತ್ತು, ನನಗೆ 15 ಬೇಕಿತ್ತು. ಕೆಳಗೆ 1½ ಇಂಚು ಗೆರೆ ಎಳೆದು ಸೇರಿಸಿದೆ. ಬಾಟಮ್ ಬಿಗಿ ಆಯ್ತು, ಡಾರ್ಟ್ ತುದಿ ಎದೆಗಿಂತ ಮೇಲೆ ಚೂಪಾಗಿ ನಿಲ್ಲುತ್ತಿದೆ. ಯಾಕೆ?

ಸುಮಾ (ಟೈಲರ್): ಕೆಳಗಿನ ಡಾರ್ಟ್ ಎಷ್ಟು ಉದ್ದ, ಎಷ್ಟು ಅಗಲ? ಭುಜದಿಂದ ಎದೆ ಪಾಯಿಂಟ್ ಪೇಪರ್ ಮೇಲೆ ಎಷ್ಟಿದೆ, ನಿಮ್ಮ ಮೈ ಮೇಲೆ ಎಷ್ಟಿದೆ?

ರೇಖಾ: ಡಾರ್ಟ್ 4 ಉದ್ದ, 1 ಅಗಲ. ಪಾಯಿಂಟ್ ಪೇಪರ್‌ನಲ್ಲಿ 9, ನನಗೆ 10. ಸೈಡ್ ಡಾರ್ಟ್ ಕೂಡ ಇದೆ.

ಮಂಜುಳಾ: ಪೇಪರ್ ಯಾಕೆ ಮುಟ್ಟಬೇಕು? ಬಟ್ಟೆ ಕತ್ತರಿಸುವಾಗಲೇ ಕೆಳಗೆ ಜಾಸ್ತಿ ಬಿಟ್ಟರೆ ಸಾಕು. ವಿಡಿಯೋ ಫಾರ್ವರ್ಡ್ ಮಾಡ್ತೀನಿ.

ಸುಮಾ: ಬೇಡ. ರೇಖಾ ಮಾಡಿದ್ದೂ ಅದನ್ನೇ. ಡಾರ್ಟ್‌ನ ಎರಡು ಗೆರೆ ಕೆಳಗೆ ಹೋದಷ್ಟೂ ದೂರ ಆಗುತ್ತವೆ. 4 ಇಂಚಿಗೆ 1 ಇಂಚು ಅಗಲ ಇದ್ದದ್ದು 5½ ಇಂಚಿಗೆ ಸುಮಾರು 1⅜ ಆಗುತ್ತದೆ. ಹಿಂಭಾಗದ ಡಾರ್ಟ್‌ಗಳೂ ಹಾಗೆಯೇ. ಸೈಡ್ ಗೆರೆಯೂ ಒಳಕ್ಕೆ ಓರೆಯಾಗಿ ಇಳಿಯುತ್ತದೆ. ಎಲ್ಲ ಸೇರಿದರೆ ಬಾಟಮ್ ಸುತ್ತಳತೆಯಲ್ಲಿ 2 ಇಂಚಿನವರೆಗೂ ಕಮ್ಮಿ ಆಗಬಹುದು.

ರೇಖಾ, ನಿಮ್ಮ ಕೇಸಿನಲ್ಲಿ ಇನ್ನೊಂದು ಮುಖ್ಯ ವಿಷಯ ಇದೆ. ಬೇಕಾದ 1½ ಇಂಚಿನಲ್ಲಿ 1 ಇಂಚು ಎದೆ ಪಾಯಿಂಟ್‌ಗಿಂತ ಮೇಲೆ ಬೇಕು, ಅರ್ಧ ಇಂಚು ಮಾತ್ರ ಕೆಳಗೆ. ಎಲ್ಲವನ್ನೂ ಸೊಂಟದ ಹತ್ತಿರ ಸೇರಿಸಿದರೆ ಡಾರ್ಟ್ ತುದಿ ಇದ್ದಲ್ಲೇ ಇರುತ್ತದೆ. ಮುಂಭಾಗದ ಪೇಪರ್‌ನಲ್ಲಿ ಕಂಕುಳಿಗೂ ಸೈಡ್ ಡಾರ್ಟ್‌ಗೂ ನಡುವೆ, ಗ್ರೇನ್ ಲೈನ್‌ಗೆ ನೇರ ಅಡ್ಡವಾಗಿ ಮೂಲೆಮಟ್ಟ ಇಟ್ಟು ಒಂದು ಗೆರೆ ಎಳೆದು ಕತ್ತರಿಸಿ. ಕೆಳಗೆ ಇನ್ನೊಂದು ಪೇಪರ್ ಇಟ್ಟು, ಮೊದಲು ಅದರ ಮೇಲೆ ಉದ್ದಕ್ಕೆ ನೇರ ಗೆರೆ ಹಾಕಿ. ಎರಡೂ ತುಂಡಿನ ಗ್ರೇನ್ ಲೈನ್ ಅದೇ ಗೆರೆಯ ಮೇಲೆ ಕೂರಬೇಕು, ನಡುವೆ 1 ಇಂಚು ಬಿಟ್ಟು ಅಂಟಿಸಿ. ಸೀಳಿನ ಎರಡೂ ತುದಿಯಲ್ಲಿ ಅಳೆಯಿರಿ, ಒಂದು ಕಡೆ ಕಾಲಿಂಚು ಜಾಸ್ತಿ ಇದ್ದರೂ ಸೈಡ್ ಕೂರುವುದಿಲ್ಲ. ಆಮೇಲೆ ಪಾಯಿಂಟ್‌ಗಿಂತ ಕೆಳಗೆ ಎರಡನೇ ಗೆರೆ ಕತ್ತರಿಸಿ ಅರ್ಧ ಇಂಚು ಬಿಡಿ. ಈ ಗೆರೆ ಕೆಳಗಿನ ಡಾರ್ಟ್ ಅನ್ನೂ ಸೀಳುತ್ತದೆ. ಡಾರ್ಟ್‌ನ ತುದಿಯನ್ನೂ ಬಾಟಮ್‌ನಲ್ಲಿರುವ ಎರಡು ಗುರುತನ್ನೂ ಮುಟ್ಟಬೇಡಿ, ಹೊಸ ಗೆರೆಯಿಂದ ಸೇರಿಸಿ. ಅಗಲ 1 ಇಂಚೇ ಉಳಿಯುತ್ತದೆ.

ಸೈಡ್ ಗೆರೆಯಲ್ಲಿ ಮೆಟ್ಟಿಲು ಕಾಣಿಸುತ್ತದೆ. ಸೈಡ್ ಡಾರ್ಟ್ ಮಡಿಸಿಟ್ಟುಕೊಂಡೇ ಕಂಕುಳಿನಿಂದ ಬಾಟಮ್‌ವರೆಗೆ ಹೊಸ ಗೆರೆ ಹಾಕಿ. ಹಿಂಭಾಗಕ್ಕೆ ಕಂಕುಳಿನ ಕೆಳಗೆ ಒಂದೇ ಗೆರೆ, 1½ ಇಂಚು. ಅಲ್ಲಿನ ಡಾರ್ಟ್ ಸೀಳಿದರೆ ಅದನ್ನೂ ಹೀಗೆಯೇ ಮತ್ತೆ ಎಳೆಯಿರಿ. ಕೊನೆಗೆ ಎರಡೂ ಸೈಡ್ ಒಂದರ ಮೇಲೊಂದು ಇಟ್ಟು ನೋಡಿ. ಕೆಳಗೆ ವ್ಯತ್ಯಾಸ ಬಂದರೆ ಬಾಟಮ್ ಕತ್ತರಿಸಬೇಡಿ, ಸೀಳನ್ನು ಮತ್ತೆ ಅಳೆಯಿರಿ.

ಫಾತಿಮಾ: ಗಿಡ್ಡ ಮಾಡಲು ಹೇಗೆ? 1 ಇಂಚು ಮಡಿಸಿದೆ, 2 ಇಂಚು ಹೋಯ್ತು.

ಸುಮಾ: 1 ಇಂಚು ದೂರದಲ್ಲಿ ಎರಡು ಅಡ್ಡಗೆರೆ ಎಳೆಯಿರಿ. ಒಂದನ್ನು ಮಡಿಸಿ ಇನ್ನೊಂದರ ಮೇಲೆ ಇಡಿ. ಮಡಿಕೆ ಅರ್ಧ ಇಂಚು ಆಳ ಮಾತ್ರ.

ಗಿರೀಶ್: ಸುಮ್ನೆ ಜೆರಾಕ್ಸ್ ಅಂಗಡಿಯಲ್ಲಿ 110% ಹಾಕಿಸಿ. ನಮ್ಮ ಗ್ರೂಪಿನಲ್ಲಿ ಬಂದಿತ್ತು.

ಸುಮಾ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಉದ್ದದ ಜೊತೆ ಎದೆ, ಭುಜ, ಕುತ್ತಿಗೆ ಎಲ್ಲ ದೊಡ್ಡದಾಗುತ್ತದೆ. 34ರ ಎದೆ 37 ದಾಟುತ್ತದೆ.

ಮಂಜುಳಾ: ಎಲ್ಲರೂ ತಪ್ಪು, ನೀವೊಬ್ಬರೇ ಸರಿನಾ? ನಮ್ಮೂರ ಟೈಲರ್ ಕೆಳಗೇ ಸೇರಿಸೋದು, ಯಾರಿಗೂ ಬಿಗಿ ಆಗಿಲ್ಲ.

ಪದ್ಮಾ: ಅವರು ಡಾರ್ಟ್ ಗೆರೆಯನ್ನೂ ಸೈಡನ್ನೂ ನೇರ ಇಳಿಸುತ್ತಾರೆ ಮಂಜುಳಾ, ಓರೆ ಮುಂದುವರಿಸಲ್ಲ. ಅರ್ಧ ಇಂಚಿಗೆ ನಡೆಯುತ್ತೆ.

ಸುಮಾ: ಪದ್ಮಾ ಹೇಳಿದ್ದು ಸರಿ, ಅರ್ಧ ಇಂಚಿಗೆ ನಡೆಯುತ್ತದೆ. ಪಾಯಿಂಟ್ ಮಾತ್ರ ಇಳಿಯುವುದಿಲ್ಲ.

ಮಂಜುಳಾ: ಅದನ್ನೇ ತಾನೇ ನಾನು ಹೇಳಿದ್ದು!

ಪದ್ಮಾ: ಇಲ್ಲ, ನೀವು ಪೇಪರ್ ಮುಟ್ಟಲೇಬೇಡಿ ಅಂದಿರಿ. ಮೇಲೆ ಓದಿ.

ಗಿರೀಶ್: ಜಗಳ ಬೇಡ, ಅಳತೆ ಬ್ಲೌಸ್ ಕೊಟ್ಟು ಹೊಲಿಸಿಕೊಳ್ಳಿ.

ರೇಖಾ: ನಾನು ಹೊಲಿಯಲು ಕಲಿಯುತ್ತಿದ್ದೇನೆ ಸರ್. ಸುಮಕ್ಕಾ, ನನ್ನದು ಕ್ರಾಸ್ ಕಟ್. ಗ್ರೇನ್ ಲೈನ್ ಓರೆ ಇದೆ. ಅಡ್ಡಗೆರೆ ಅದಕ್ಕೇ ಎಳೆಯಲಾ?

ಸುಮಾ: ಒಳ್ಳೆಯದಾಯ್ತು ಕೇಳಿದ್ದು. ಅದಕ್ಕೆ ಎಳೆಯಬೇಡಿ. ಕ್ರಾಸ್ ಕಟ್‌ನಲ್ಲಿ ಹುಕ್ ಬರುವ ನಡು ಗೆರೆಗೆ ಮೂಲೆಮಟ್ಟ ಇಟ್ಟು ಅಡ್ಡಗೆರೆ ಎಳೆಯಿರಿ. ಅಂಟಿಸುವಾಗ ಎರಡೂ ತುಂಡಿನ ನಡು ಗೆರೆ ನೇರ ಕೂರಲಿ. ಹಳೆಯ ಓರೆ ಗೆರೆ ತುಂಡಾಗಿ ಸರಿದಿರುತ್ತದೆ, ಅದನ್ನು ಹೊಡೆದು ಹಾಕಿ ನಡು ಗೆರೆಗೆ 45 ಡಿಗ್ರಿಯಲ್ಲಿ ಹೊಸದು ಹಾಕಿ. ತುಂಡಾದ ಎರಡು ತುದಿಗಳನ್ನು ಜೋಡಿಸಿ ಎಳೆದರೆ 45 ಬರುವುದಿಲ್ಲ, ಬಟ್ಟೆ ಒಂದು ಕಡೆ ಎಳೆಯುತ್ತದೆ.

ಶೋಭಾ: ಕಟೋರಿ ಬ್ಲೌಸ್‌ಗೆ ಎಲ್ಲಿ ಕತ್ತರಿಸಬೇಕು?

ಅನಿತಾ: ಗಿಡ್ಡ ಮಾಡೋದು ಹೇಗೆ ಹೇಳಿ ಪ್ಲೀಸ್.

ಸುಮಾ: ಫಾತಿಮಾ ಅವರಿಗೆ ಕೊಟ್ಟ ಉತ್ತರ ಓದಿ.

ಮಂಜುಳಾ: ಹೀಗೆ ಉತ್ತರ ಕೊಟ್ಟರೆ ಯಾರು ಕೇಳ್ತಾರೆ?

ಪದ್ಮಾ: ಓದಿದವರು ಕೇಳ್ತಾರೆ.

ಅನಿತಾ: ಓದಿದೆ. ನನ್ನದರಲ್ಲಿ ಮಡಿಕೆ ಡಾರ್ಟ್ ತುದಿಯ ಮೇಲೇ ಬರುತ್ತೆ.

ಸುಮಾ: ತುದಿಗಿಂತ 1 ಇಂಚು ಕೆಳಗೆ ಮಡಿಸಿ. ಡಾರ್ಟ್ ತುಂಬ ಗಿಡ್ಡ, ಅಗಲ ಆಗಿ ತುದಿ ಉಬ್ಬಿದರೆ ಆ ಅಗಲವನ್ನು ಎರಡು ಸಣ್ಣ ಡಾರ್ಟ್‌ಗೆ ಹಂಚಿ.

ಶೋಭಾ: ಕಟೋರಿ?

ರೇಖಾ: ಪೇಪರ್ ಅಂಟಿಸಿದೆ. ಸೈಡ್ ಎರಡೂ ಸಮ ಬಂತು. ಬಾಟಮ್ ಮಾತ್ರ ಸೊಂಟಕ್ಕೆ ಅರ್ಧ ಇಂಚು ಸಡಿಲ ಅನ್ನಿಸುತ್ತಿದೆ.

ಸುಮಾ: 15 ಇಂಚು ಬರುವ ಜಾಗದಲ್ಲೇ ಸುತ್ತಳತೆ ತೆಗೆಯಿರಿ, 13½ ಇದ್ದ ಜಾಗದಲ್ಲಿ ಅಲ್ಲ. ಆ ಅಳತೆ ಹಾಕಿ, ಆಮೇಲೆ ಸೈಡ್‌ನಲ್ಲಿ ಎಷ್ಟು ಒಳಕ್ಕೆ ತೆಗೆಯಬೇಕು ಹೇಳುತ್ತೇನೆ.