ಪದಕೋಶ ತಪಾಸಣೆ: ‘ಗುಂಪುಗಳನ್ನು’ ಸರಿ, ‘ಗುಂಪು’ ತಪ್ಪು?

ತಂತ್ರಾಂಶಿ: ಎಂಜಿನಿಯರುಗಳು, ಅನುವಾದಕರು, ಸಂಪಾದಕರು ಮೂವರೂ ಬಳಸುವ ಇಂಗ್ಲಿಷ್-ಕನ್ನಡ ಪದಕೋಶವೊಂದು ನಮ್ಮಲ್ಲಿದೆ. ಇಂಗ್ಲಿಷ್ ಸಾಲಿನಲ್ಲಿ `group` ಇದ್ದರೆ ಅನುವಾದದಲ್ಲಿ ‘ಗುಂಪು’ ಇದೆಯೇ ಎಂದು ಪೈಥಾನ್ ಸ್ಕ್ರಿಪ್ಟ್ ನೋಡುತ್ತದೆ. ವಿಚಿತ್ರವೆಂದರೆ ‘ಗುಂಪುಗಳನ್ನು’ ಪಾಸಾಗುತ್ತದೆ, ಬರಿಯ ‘ಗುಂಪು’ ಸಿಗುವುದೇ ಇಲ್ಲ. ‘ಕಡತ’ ಸಿಗುತ್ತದೆ, ‘ಕಡತವನ್ನು’ ಸಿಗುವುದಿಲ್ಲ. ಅನುವಾದಕರು ಎಚ್ಚರಿಕೆಗಳನ್ನು ಓದುವುದನ್ನೇ ಬಿಟ್ಟಿದ್ದಾರೆ.

ಅಕ್ಷರಪ್ರಿಯ: ಯೂನಿಕೋಡ್ ತೊಂದರೆ. ‘ಕೋಶ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಎರಡೂ ಕಡೆ NFC ಮಾಡಿಕೊಳ್ಳಿ.

ಹಳೇಸಂಪಾದಕ: ‘ಕಡತ’ ಯಾಕೆ ಸ್ವಾಮಿ? ‘ಫೈಲ್’ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ? ನಮ್ಮಲ್ಲಿ ಇದೇ ಜಗಳ ಇನ್ನೂ ಮುಗಿದಿಲ್ಲ.

ವ್ಯಾಕರಣಿ: ಆ ಜಗಳ ಇನ್ನೊಂದು ದಿನಕ್ಕಿರಲಿ, ಕೇಳಿದ್ದು ಅದಲ್ಲ. NFC ಬೇಕೇ ಬೇಕು, ಆದರೆ ‘ಗುಂಪು’ವಿನಲ್ಲಿ ಓಕಾರವೇ ಇಲ್ಲವಲ್ಲ. ನೀವು `\b` ಬಳಸಿರಬೇಕು. ಪೈಥಾನಿನ `re` ಕನ್ನಡದ ವ್ಯಂಜನವನ್ನು ಅಕ್ಷರವೆಂದು ಎಣಿಸುತ್ತದೆ, ಗುಣಿತದ ಚಿಹ್ನೆಯನ್ನು ಎಣಿಸುವುದಿಲ್ಲ. ‘ಗುಂಪು’ ಕೊಂಬಿನಲ್ಲಿ ಮುಗಿಯುತ್ತದೆ. ಅದರ ಮುಂದೆ ಖಾಲಿ ಜಾಗವಿದ್ದರೆ ಎರಡೂ ‘ಅಕ್ಷರವಲ್ಲ’, ಹಾಗಾಗಿ ಪದದ ಗಡಿ ಕಾಣುವುದಿಲ್ಲ. ಮುಂದೆ ‘ಗ’ ಬಂದರೆ ಗಡಿ ಸಿಕ್ಕಿಬಿಡುತ್ತದೆ!

`\b` ತೆಗೆದರೂ ‘ಗುಂಪಿಗೆ’, ‘ಗುಂಪನ್ನು’ ಸಿಗುವುದಿಲ್ಲ, ವಿಭಕ್ತಿ ಸೇರಿದಾಗ ಉಕಾರ ಬಿದ್ದುಹೋಗುತ್ತದೆ. ಆದ್ದರಿಂದ ಪದಕೋಶದಲ್ಲಿ ಮೂರನೆಯ ಅಂಕಣವೊಂದನ್ನು ಇಡಿ, ಬದಲಾಗದ ಭಾಗಕ್ಕೆ:

```
group,ಗುಂಪು,ಗುಂಪ
server,ಸರ್ವರ್,ಸರ್ವರ
file,ಕಡತ,ಕಡತ
```

ಹುಡುಕುವುದು ಹೀಗೆ:

```python
re.search(r"(?<![\u0C80-\u0CFF])" + stem, line)
```

ಪದದ ಆರಂಭ ಮಾತ್ರ ಗಟ್ಟಿ, ಕೊನೆ ಸಡಿಲ. ಅಂಕಣವನ್ನು ಎಂಜಿನಿಯರ್ ತುಂಬುವುದು ಬೇಡ, ಸಂಪಾದಕರು ತುಂಬಲಿ. ಯಾವ ಪದ ಎಲ್ಲಿ ಬಾಗುತ್ತದೆ ಎಂಬುದು ಅವರಿಗೆ ಕಿವಿಯಿಂದಲೇ ತಿಳಿಯುತ್ತದೆ.

ಅಕ್ಷರಪ್ರಿಯ: ‘ಸರ್ವರ’ ಎಂದು ಹುಡುಕಿದರೆ ‘ಸರ್ವರಿಗೂ ಸ್ವಾಗತ’ ಕೂಡ ಸಿಕ್ಕಿಬೀಳುತ್ತದೆ.

ವ್ಯಾಕರಣಿ: ಮೂಲ ಸಾಲಿನಲ್ಲಿ `server` ಇದ್ದಾಗ ಮಾತ್ರ ಹುಡುಕುವುದರಿಂದ ಆ ಸಾಲಿನ ತಂಟೆಗೇ ಹೋಗುವುದಿಲ್ಲ.

ತಂತ್ರಾಂಶಿ: `\b` ಇತ್ತು, ನಿಜ. ಬದಲಾಯಿಸಿದೆ, ‘ಗುಂಪು’, ‘ಗುಂಪಿನಲ್ಲಿ’, ‘ಕಡತಕ್ಕೆ’ ಎಲ್ಲವೂ ಸಿಗುತ್ತಿವೆ. ‘ಸರ್ವರ್‌ಗೆ’, ‘ಸರ್ವರಿಗೆ’ ಎರಡೂ ಪಾಸಾಗುತ್ತಿವೆ. ಇದರಲ್ಲಿ ಒಂದನ್ನೇ ಉಳಿಸಬೇಕೇ?

ಹಳೇಸಂಪಾದಕ: ಉಳಿಸಬೇಕು. ‘ಸರ್ವರಿಗೆ’ ಎಂದರೆ ಓದುಗ ‘ಎಲ್ಲರಿಗೆ’ ಎಂದುಕೊಳ್ಳುತ್ತಾನೆ. ಆದರೆ ಅದು ಶೈಲಿ ಕೈಪಿಡಿಯ ಕೆಲಸ, ಪದಕೋಶದ್ದಲ್ಲ.

ತಂತ್ರಾಂಶಿ: ಇನ್ನೊಂದು ತೊಡಕು ಉಳಿದಿದೆ. ಕೆಲವು ಎಂಜಿನಿಯರುಗಳು ದೋಷ ಸಂದೇಶಗಳನ್ನು ನೇರವಾಗಿ ಕನ್ನಡದಲ್ಲೇ ಬರೆಯುತ್ತಾರೆ, ಇಂಗ್ಲಿಷ್ ಮೂಲವೇ ಇರುವುದಿಲ್ಲ. ಅವರು ‘ಕಡತ’ದ ಬದಲು ‘ಫೈಲ್’ ಎಂದು ಬರೆದರೆ ಹಿಡಿಯುವುದು ಹೇಗೆ?

ವ್ಯಾಕರಣಿ: ಕೈಬಿಟ್ಟ ಪದಗಳಿಗೆ ಬೇರೆ ಅಂಕಣ ಮಾಡಿ, ಅವನ್ನು ಕನ್ನಡ ಸಾಲಿನಲ್ಲೇ ಹುಡುಕಬಹುದು. ‘ಫೈಲ್’ ಸುಲಭ. ‘ಸರ್ವರ’ದಂಥವು ಅಲ್ಲಿ ಖಂಡಿತ ಕಾಡುತ್ತವೆ, ಅದಕ್ಕೆ ನನ್ನ ಬಳಿಯೂ ಉಪಾಯವಿಲ್ಲ.