ಲಗ್ನಪತ್ರಿಕೆ ವಿಡಿಯೋ ಮಾಡಿ ಕೊಡೋರು ಎಲ್ಲಿ ಎಡವಿದ್ರಿ?

ಕೇಳಿದವರು, ಧಾರವಾಡ: ನಾನು ಶಾಲ್ಯಾಗ ಕಂಪ್ಯೂಟರ್ ಕಲಿಸ್ತೀನಿ. ಸಂಜೀಕ ಮದುವಿ ಡಿಜಿಟಲ್ ಕಾರ್ಡು, ಸಣ್ಣ ವಿಡಿಯೋ ಆಮಂತ್ರಣ ಮಾಡಿ ಕೊಡಬೇಕು ಅಂತ ಅದ. ಡಿಸೈನ್ ಬರ್ತದ, ಆದ್ರ ಕನ್ನಡ ಅಕ್ಷರ ಆನಿಮೇಟ್ ಮಾಡಿದ್ರ ಒಡೀತಾವ. ಮಾಡಿದವರು ಎಲ್ಲಿ ಎಡವಿದ್ರಿ, ಎಷ್ಟು ತಗೋತೀರಿ, ಹೇಳ್ರಿ.

ಗದಗದಿಂದ, ನಾಲ್ಕು ಸೀಸನ್‌ನಿಂದ ಮಾಡೋರು: ಮೇಡಂ, ಮೊದಲು ಅಕ್ಷರದ್ದು ಮುಗಿಸೋಣ. ಆಫ್ಟರ್ ಎಫೆಕ್ಟ್ಸ್ ಇದ್ರ ಪ್ರಿಫರೆನ್ಸಸ್‌ನಾಗ ಟೈಪ್ ಅನ್ನೋದನ್ನ ತಗೀರಿ. ಅಲ್ಲಿ ಟೆಕ್ಸ್ಟ್ ಎಂಜಿನ್ ಲ್ಯಾಟಿನ್ ಅಂತ ಇದ್ರ ‘ಲಕ್ಷ್ಮೀ’ ಹೋಗಿ ‘ಲಕ್‌ಷ್‌ಮೀ’ ಆಗ್ತದ. ಅದನ್ನ ದಕ್ಷಿಣ ಏಷ್ಯಾದ್ದಕ್ಕ ಬದಲಿಸಿ, ಪ್ರೋಗ್ರಾಮ್ ಮುಚ್ಚಿ ತಗದು, ಟೆಕ್ಸ್ಟ್ ಹೊಸದಾಗಿ ಟೈಪ್ ಮಾಡ್ರಿ. ಹಳೇ ಫೋಟೋಶಾಪ್‌ನ್ಯಾಗೂ ಹಂತಾದ್ದೇ ಒಂದು ಆಯ್ಕಿ ಇತ್ತು.

ಇಷ್ಟು ಮಾಡಿದ ಮ್ಯಾಲೂ ಒಂದೊಂದೇ ಅಕ್ಷರ ಹಾರಿ ಬರೋ ಎಫೆಕ್ಟ್ ಹಾಕಿದ್ರ ಮತ್ತ ಒಡೀತದ. ಆ ರೆಡಿ ಎಫೆಕ್ಟ್ ಎಲ್ಲಾ ಇಂಗ್ಲಿಷಿಗೆ ಮಾಡಿದ್ದು, ಒತ್ತು ಅಕ್ಷರದ ಕೂಡನ ಬರಬೇಕು ಅಂತ ಅದಕ್ಕ ಗೊತ್ತಿಲ್ಲ. ಆನಿಮೇಟರ್‌ನ `Based On` ಅನ್ನೋದನ್ನ `Characters` ಇಂದ `Words`ಗೆ ತಂದ್ರ ಇಡೀ ಪದ ಒಮ್ಮೆ ಬರ್ತದ. ನಾ ಈಗ ಅದನ್ನೂ ಬಿಟ್ಟೀನಿ. ಸಾಲಿಗೆ ಸಾಲೇ ಹಿಂದಿನ ಬಣ್ಣ ಇಲ್ಲದ ಚಿತ್ರ ಮಾಡ್ಕೊಂಡು, ಎಡಗಡಿಯಿಂದ ಮಾಸ್ಕ್ ಸರಿಸ್ತೀನಿ. ನೋಡೋರಿಗೆ ಯಾರೋ ಕೈಯಿಂದ ಬರದಂಗ ಕಾಣ್ತದ, ಮೊಬೈಲ್ ಆ್ಯಪ್‌ನ್ಯಾಗ ಮಾಡಿದ್ರೂ ಕೈ ಕೊಡೋದಿಲ್ಲ.

ಹೊಸಾ ಫಾಂಟ್ ತಗೊಂಡಾಗೆಲ್ಲಾ ನಾ ಮೊದಲು ಬರಿಯೋದು ಈ ಸಾಲು: ‘ಜ್ಯೇಷ್ಠ ಪುತ್ರಿ ಲಕ್ಷ್ಮೀ, ಕೀರ್ತಿ, ಅಕ್ಷತಾ, ರಾಜ್‌ಕುಮಾರ್’. ಇದು ನೆಟ್ಟಗ ಬಂದ್ರ ಫಾಂಟ್ ಪಾಸು. ಬಲೂ ತಮ್ಮ, ತಿರೋ ಕನ್ನಡ, ನೋಟೊ ಸೆರಿಫ್ ಕನ್ನಡ ಪಾಸಾಗ್ಯಾವ, ಮತ್ತ ಮೂರೂ ದುಡ್ಡಿನ ಕೆಲಸಕ್ಕ ಬಳಸಾಕ ಮುಕ್ತ.

ಹುಬ್ಬಳ್ಳಿಯಿಂದ, ಪ್ರೆಸ್ಸಿನ್ಯಾಗ ಡಿಟಿಪಿ ಮಾಡೋರು: ಇಷ್ಟೆಲ್ಲಾ ಯಾಕ್ರೀ? ನುಡಿ ಫಾಂಟ್ ಹಾಕ್ರಿ, ಒತ್ತಕ್ಷರ ಒಡಿಯೂದ ಇಲ್ಲ. ಹದಿನೈದು ವರ್ಷದಿಂದ ಕೋರೆಲ್‌ನ್ಯಾಗ ಇದನ್ನ ಮಾಡಾಕತ್ತೀನಿ, ಒಂದು ಕಾರ್ಡೂ ವಾಪಸ್ ಬಂದಿಲ್ಲ.

ಗದಗದವರು: ಅಣ್ಣಾರ, ಪ್ರಿಂಟಿಗೆ ನಿಮ್ಮ ಮಾತು ಖರೆ. ವಿಡಿಯೋಕ್ಕ ಅದೇ ತೊಡಕು. ಹಳೇ ನುಡಿಯೊಳಗ ‘ಕನ್ನಡ’ ಅಂತ ಹೊಡದು ಬ್ಯಾರೆ ಫಾಂಟ್ ಕೊಟ್ಟು ನೋಡ್ರಿ, `PÀ£ÀßqÀ` ಅಂತ ಬರ್ತದ. ನಮಗ ಮೂರು ಅಕ್ಷರ, ಕಂಪ್ಯೂಟರಿಗೆ ಏಳು ತುಂಡು. ಒಂದೊಂದೇ ಅಕ್ಷರ ಬರಲಿ ಅಂದ್ರ ಒತ್ತು ಒಂದು ಕಡೆ, ತಲಿಕಟ್ಟು ಒಂದು ಕಡೆ ಬರ್ತಾವ. ಪ್ರೆಸ್ಸಿನಿಂದ ಬಂದ ಮ್ಯಾಟರ್ ನಾನೂ ತಗೋತೀನಿ, ಆದ್ರ ಯುನಿಕೋಡಿಗೆ ಬದಲಿಸಿ, ಅರ್ಕಾವೊತ್ತು ಇದ್ದ ಪದ ಎಲ್ಲಾ ಒಮ್ಮೆ ಕಣ್ಣಾಡಿಸಿ ಆಮ್ಯಾಲೆ ಹಾಕ್ತೀನಿ.

ಖರೇ ಎಡವಿದ್ದು ಅಕ್ಷರದಾಗಲ್ಲ ಮೇಡಂ, ಹೆಸರಿನ್ಯಾಗ. ಎರಡನೇ ಸೀಸನ್ನು. ಒಬ್ಬರು ‘ನಮ್ಮಣ್ಣನ ಕಾರ್ಡಿನಂಗ ಮಾಡ್ರಿ’ ಅಂತ ಹಳೇ ಕಾರ್ಡಿನ ಫೋಟೋ ಕಳಿಸಿದ್ರು. ವರ, ವಧು, ತಾರೀಖು, ಕಲ್ಯಾಣ ಮಂಟಪ ಬದಲಿಸಿದೆ. ಉಳಿದದ್ದು ಹಂಗ ಇಟ್ಟೆ. 40 ಸೆಕೆಂಡಿನ ವಿಡಿಯೋ, ಚಂದ ಬಂದಿತ್ತು, ಅವರೂ ಫೋನಿನ್ಯಾಗ ನೋಡಿ ಓಕೆ ಅಂದ್ರು. ಮರುದಿನ ಮುಂಜಾನೆ ಅವರ ದೊಡ್ಡಪ್ಪನ ಫೋನು. ಅಣ್ಣನ ಮದುವಿ ಆದ ಮ್ಯಾಲೆ ಅಜ್ಜ ತೀರಿಕೊಂಡಿದ್ರಂತ. ಅಜ್ಜನ ಹೆಸರಿನ ಮೊದಲು ‘ಲಿಂ.’ ಇಲ್ಲ, ಅಜ್ಜಿ ಹೆಸರಿನ ಮೊದಲು ‘ಸೌ.’ ಹಂಗ ಉಳದದ. ಅಷ್ಟೊತ್ತಿಗೆ ವಿಡಿಯೋ ಮನಿಮಂದಿ ಗ್ರೂಪಿನಿಂದ ಬೀಗರ ಗ್ರೂಪಿಗೆ ಹೋಗಿ, ಅಲ್ಲಿಂದ ಎಲ್ಲೆಲ್ಲೋ ಹೋಗಿತ್ತು. ಪ್ರಿಂಟ್ ಆದ್ರ ಕಟ್ಟು ವಾಪಸ್ ತರಿಸಬಹುದು, ಫಾರ್ವರ್ಡ್ ಆದದ್ದನ್ನ ಎಲ್ಲಿಂದ ತರಿಸೋದು? ತಿದ್ದಿ ಕೊಡುವಾಗ ಕೆಂಪು ಹಿನ್ನೆಲಿ ತಗದು ಹಸರು ಹಾಕಿದೆ, ‘ಹಸರು ಕಾರ್ಡು ನೋಡ್ರಿ’ ಅಂತ ಅವರು ಎಲ್ಲಾರಿಗೂ ಹೇಳಾಕ ಬರಲಿ ಅಂತ. ದುಡ್ಡು ಕೇಳಲಿಲ್ಲ.

ಅಲ್ಲಿಂದ ಮುಂದ ಹಳೇ ಕಾರ್ಡು ನೋಡಿ ಒಂದು ಹೆಸರೂ ಟೈಪ್ ಮಾಡಿಲ್ಲ. ಮ್ಯಾಟರ್ ಪೂರಾ ಅವರೇ ವಾಟ್ಸಾಪಿನ್ಯಾಗ ಬರದು ಕಳಿಸಬೇಕು. ಒಂದೊಂದು ಹೆಸರಿಗೂ ಮೊದಲು ಏನು ಬರಬೇಕು ಅಂತ ಕೇಳ್ತೀನಿ: ಚಿ., ಸೌ., ಲಿಂ., ಕೈ., ದಿ., ಗಂ.ಸ್ವ., ಏನೂ ಬ್ಯಾಡ. ಲಿಂಗಾಯತರ ಮನ್ಯಾಗ ‘ದಿ.’ ಹಾಕಿದ್ರ ಕೆಲವರಿಗೆ ಸರಿ ಅನಸೂದಿಲ್ಲ, ‘ಗಂ.ಸ್ವ.’ ಬ್ಯಾಡ ಅನ್ನೋ ಮನಿಗೋಳೂ ಈಗ ಅದಾವ. ಇದನ್ನ ನಾವು ಊಹಿಸಬಾರದು. ಆಮ್ಯಾಲೆ ಎಲ್ಲಾ ಪುಟ ಸ್ಥಿರ ಚಿತ್ರ ಮಾಡಿ ಕಳಿಸ್ತೀನಿ, ಮನ್ಯಾಗಿನ ಹಿರೇರೊಬ್ಬರು ನೋಡಿ ಓಕೆ ಅಂತ ಬರದ ಮ್ಯಾಲೇ ಆನಿಮೇಶನ್ನಿಗೆ ಕೈ ಹಚ್ಚೋದು. ತಾರೀಖು ಮತ್ತ ವಾರ ಹೊಂದತದೋ ಇಲ್ಲೋ ಅಂತ ಕ್ಯಾಲೆಂಡರ್ ನಾನೇ ನೋಡ್ತೀನಿ. ತಪ್ಪು ಅವರದ್ದೇ ಇದ್ರೂ ಬೈಸ್ಕೊಳ್ಳೋದು ನಾವು.

ಹಾವೇರಿ ಕಡೆಯವರು: ಇದೆಲ್ಲಾ ಸರಿ, ಆದರ ಬರೀ ವಾಟ್ಸಾಪ್ ನಂಬಬ್ಯಾಡ್ರಿ. ನಮ್ಮ ತಮ್ಮನ ಮದುವಿಗೆ ಸೋದರಮಾವಗ ವಿಡಿಯೋ ಕಳಿಸಿದ್ವಿ. ‘ಅರಿಷಿಣ ಕುಂಕುಮ ಹಚ್ಚಿದ ಕಾಗದ ಇಲ್ಲದ ನಾ ಹೆಂಗ ಬರ್ಲಿ’ ಅಂತ ಬರಲೇ ಇಲ್ಲ ಪುಣ್ಯಾತ್ಮ. ಇವತ್ತಿಗೂ ಮಾತಿಲ್ಲ.

ಗದಗದವರು: ಅಕ್ಕಾರ, ಅದು ಕಾರ್ಡು ಮಾಡೋರ ಕೈಯಾಗ ಇಲ್ಲ ಬಿಡ್ರಿ. ಆದ್ರ ನಿಮ್ಮ ಮಾತಿನಿಂದ ಒಂದು ನೆನಪಾತು. ಮನಿದೇವರಿಗೆ, ಹತ್ತಿರದ ಬೀಗರಿಗೆ ಅಂತ ಒಂದಿಷ್ಟು ಪ್ರಿಂಟ್ ಎಲ್ಲಾರಿಗೂ ಬೇಕಾಗ್ತದ. ಅದಕ್ಕ ವಿಡಿಯೋದ ಜೋಡಿ ಒಂದು ಪಿಡಿಎಫ್ ಸುದ್ದಾ ಕೊಡ್ತೀನಿ. ಸುಖಾಗಮನ ಬಯಸುವವರ ಇಪ್ಪತ್ತು ಮೂವತ್ತು ಹೆಸರು ವಿಡಿಯೋದಾಗ ಹಿಡಿಯೂದಿಲ್ಲ, ತುರುಕಿದ್ರ ಯಾರಿಗೂ ಓದಾಕ ಆಗೂದಿಲ್ಲ. ಅವು ಪಿಡಿಎಫ್‌ನ್ಯಾಗ ಕೂಡ್ತಾವ. ಮಂಟಪದ ಮ್ಯಾಪಿನ ಲಿಂಕೂ ಅಲ್ಲೇ, ವಿಡಿಯೋದ ಮ್ಯಾಲೆ ಬಟ್ಟು ಒತ್ತಿದ್ರ ಏನೂ ತಗಿಯೂದಿಲ್ಲಲ್ಲ.

ವಿಡಿಯೋದಾಗ ಮನಿದೇವರು, ಹೆಸರು, ಅಕ್ಷತಾ ಸಮಯ, ಸ್ಥಳ, ಇಷ್ಟೇ. ಅಕ್ಷತಾ ಸಮಯದ ಪುಟ ನಮ್ಮವ್ವ ಎರಡು ಸಲ ಓದಿ ಮುಗಿಸೋವರೆಗೂ ನಿಲ್ಲಬೇಕು, ಅದು ನನ್ನ ಅಳತಿ. ಸುಮಾರು ಏಳು ಸೆಕೆಂಡ್ ಆಗ್ತದ. ಅಳತಿ 1080 ಗುಣಿಲೆ 1920, ಉದ್ದಕ. ಕಳಿಸುವಾಗ ಡಾಕ್ಯುಮೆಂಟ್ ಮಾಡಿ ಕಳಿಸ್ರಿ, ಇಲ್ಲಾಂದ್ರ ವಾಟ್ಸಾಪ್ ಹಿಂಡಿ ಸಣ್ಣ ಅಕ್ಷರ ಮಸಕು ಮಾಡ್ತದ.

ರೇಟು: ಪಿಡಿಎಫ್ ಒಂದೇ ಆದ್ರ 300, ವಿಡಿಯೋ ಸೇರಿ 1000. ಅರ್ಧ ಮೊದಲೇ. ಓಕೆ ಅಂದ ಮ್ಯಾಲೆ ತಿದ್ದುಪಡಿ ಎರಡು ಫ್ರೀ, ಮೂರನೇದಕ್ಕ 100. ಈ 100 ಗಳಿಕಿಗಲ್ಲ. ಇಲ್ಲಾಂದ್ರ ದಿನಾ ಒಬ್ಬ ಕಾಕಾನ ಹೆಸರು ನೆನಪಾಗ್ತದ.

ಹುಬ್ಬಳ್ಳಿಯಿಂದ ಇನ್ನೊಬ್ಬರು: 1000 ಯಾರೂ ಕೊಡೂದಿಲ್ರಿ ಇಲ್ಲಿ. ರೆಡಿ ಟೆಂಪ್ಲೇಟಿನ್ಯಾಗ ಹೆಸರು ಬದಲಿಸಿ 200ಕ್ಕ ಕೊಡೋ ಹುಡುಗುರು ಓಣಿಗೊಬ್ಬರು ಅದಾರ. ಹಾಡಿಂದೂ ಹೇಳ್ರಿ, ಎಲ್ಲಾರೂ ಸಿನಿಮಾ ಹಾಡೇ ಬೇಕಂತಾರ. ನಾ ಹಾಕಿ ಕೊಟ್ಟೆ, ಗಿರಾಕಿ ಇನ್‌ಸ್ಟಾಗ್ರಾಮಿಗೆ ಏರಿಸಿದ್ರ ಧ್ವನಿನ ಬಂದ್ ಆತು.

ಗದಗದವರು: 200ರವರ ಜೋಡಿ ನಾ ಪೈಪೋಟಿ ಮಾಡೂದಿಲ್ಲ, ಆ ಗಿರಾಕಿ ಬಿಟ್ಟೀನಿ. ನಿಮ್ಮ ಓಣ್ಯಾಗ ಹೆಂಗೋ ನಂಗ ಗೊತ್ತಿಲ್ಲ. ಹಾಡಿಗೆ ನಾ ಹಕ್ಕಿನ ತಂಟಿ ಇಲ್ಲದ ಶಹನಾಯಿ ಹಾಕ್ತೀನಿ. ಸಿನಿಮಾ ಹಾಡೇ ಬೇಕಂದ್ರ, ಹಾಡಿಲ್ಲದ ವಿಡಿಯೋ ಕೊಟ್ಟು ‘ಏರಿಸುವಾಗ ಅಲ್ಲೇ ಇರೋ ಹಾಡು ಸೇರಿಸ್ಕೊಳ್ರಿ’ ಅಂತೀನಿ. ಕೆಲವರು ಸಿಟ್ಟಾಗ್ತಾರ.

ಕೇಳಿದವರು: ಎಂಜಿನ್ ಬದಲಿಸಿದೆ ಸರ್, ಲಕ್ಷ್ಮೀ, ಕೀರ್ತಿ ನೆಟ್ಟಗ ಬಂದ್ರು. ಆದ್ರ ರಾಜ್‌ಕುಮಾರ್ ಮಾತ್ರ ಜ-ಕಾರಕ್ಕ ಕ ಒತ್ತಾಗಿ ‘ರಾಜ್ಕುಮಾರ್’ ಅಂತ ಕುಂತಾನ.

ಗದಗದವರು: ನಡುವ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರ್ತದ, ಕಾಪಿ ಮಾಡುವಾಗ ಕೆಲವು ಆ್ಯಪ್ ಅದನ್ನ ನುಂಗ್ತಾವ. ‘ರಾಜ್’ ಒಂದು ಡಬ್ಬಿ, ‘ಕುಮಾರ್’ ಇನ್ನೊಂದು ಡಬ್ಬಿ ಮಾಡಿ ಹತ್ತಿರ ತಂದು ಇಡ್ರಿ, ಕೆಲಸ ಆಗ್ತದ. ಅದಕ್ಕೂ ಮೊದಲು ಮನಿಯವರನ್ನ ಕೇಳ್ರಿ. ನಮ್ಮ ಕಡೆ ಅರ್ಧ ಮಂದಿ ‘ರಾಜಕುಮಾರ’ ಅಂತನ ಬರೀತಾರ.